ಬಲ್ಬ್ ಉರಿದರೆ ಪಾಸಾ? ಐಟಿಐ ಪ್ರಾಕ್ಟಿಕಲ್ ಅಂಕ ಕೊಡುವ ಪಟ್ಟಿಯೊಳಗೆ ಏನಿರಬೇಕು

2025ರ ಅಕ್ಟೋಬರ್ 4ರಂದು ಪಿಎಂ-ಸೇತು ಯೋಜನೆಗೆ ಚಾಲನೆ ಸಿಕ್ಕಿತು. ದೇಶದ 1,000 ಸರ್ಕಾರಿ ಐಟಿಐಗಳನ್ನು 60,000 ಕೋಟಿ ರೂಪಾಯಿಯಲ್ಲಿ ಮೇಲ್ದರ್ಜೆಗೆ ಏರಿಸುವ ಯೋಜನೆ ಇದು. 200 ಐಟಿಐಗಳು ಕೇಂದ್ರಗಳಾಗುತ್ತವೆ, ಉಳಿದ 800 ಅವುಗಳ ಜೊತೆ ಸೇರಿಕೊಳ್ಳುತ್ತವೆ. ಹೊಸ ಯಂತ್ರಗಳು ಬರುತ್ತವೆ, ಹೊಸ ಕೋರ್ಸ್‌ಗಳು ಬರುತ್ತವೆ, ಉದ್ಯಮಗಳೂ ಕೈಜೋಡಿಸುತ್ತವೆ ಎಂಬುದು ಸುದ್ದಿ.

ಸುದ್ದಿ ಓದಿದ ಅಪ್ಪ-ಅಮ್ಮಂದಿರಿಗೆ ಒಂದು ಗೊಂದಲ ಮಾತ್ರ ಹಾಗೇ ಉಳಿದಿದೆ. ಯಂತ್ರ ಹೊಸದಾಯಿತು ಸರಿ, ಮಗನಿಗೋ ಮಗಳಿಗೋ ಕೆಲಸ ಬಂತು ಅಂತ ಹೇಳುವವರು ಯಾರು? ಹೇಗೆ ಹೇಳುತ್ತಾರೆ? ಫಲಿತಾಂಶದ ಹಾಳೆ ನೋಡಿದರೆ ಇನ್ನೂ ತಲೆಬಿಸಿ. ಥಿಯರಿಯಲ್ಲಿ 33 ಶೇಕಡಾ ಬಂದರೆ ಪಾಸು. ಪ್ರಾಕ್ಟಿಕಲ್‌ಗೆ ಮತ್ತು ವರ್ಷವಿಡೀ ಕೊಡುವ ಆಂತರಿಕ ಅಂಕಕ್ಕೆ 60 ಶೇಕಡಾ ಬೇಕು. ಒಂದೇ ಪರೀಕ್ಷೆಯಲ್ಲಿ ಎರಡು ಅಳತೆ ಯಾಕೆ?

ಕಾರಣ ಸರಳ. ಐಟಿಐ ಕೊಡುವ ಪ್ರಮಾಣಪತ್ರ ಕೈಕೆಲಸದ್ದು. ಪುಸ್ತಕದ ಮೂರನೇ ಒಂದು ಭಾಗ ಗೊತ್ತಿದ್ದರೂ ನಡೆಯುತ್ತದೆ, ಆದರೆ ಕೈಗೆ ಅರ್ಧಕ್ಕಿಂತ ಜಾಸ್ತಿ ಬಂದಿರಲೇಬೇಕು ಎಂಬುದು ನಿಯಮದ ಆಶಯ. ಆಶಯ ಒಳ್ಳೆಯದೇ. ತೊಂದರೆ ಇರುವುದು ಆ 60 ಅನ್ನು ಎಣಿಸುವ ರೀತಿಯಲ್ಲಿ. ಥಿಯರಿ ಪರೀಕ್ಷೆ ಕಂಪ್ಯೂಟರ್‌ನಲ್ಲಿ ನಡೆಯುತ್ತದೆ, ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಬೇಕು, ಅಂಕವೂ ತಾನಾಗಿಯೇ ಬರುತ್ತದೆ. ಪ್ರಾಕ್ಟಿಕಲ್‌ನಲ್ಲಿ ಒಬ್ಬ ಮನುಷ್ಯ ನಿಂತು ನೋಡಿ ಅಂಕ ಹಾಕಬೇಕು. ಅವರ ಕೈಯಲ್ಲಿರುವ ಹಾಳೆಯಲ್ಲಿ ಏನು ಬರೆದಿದೆಯೋ ಅದನ್ನೇ ಅವರು ನೋಡುತ್ತಾರೆ. ಬರೆಯದೆ ಬಿಟ್ಟದ್ದು ಕಣ್ಣಿಗೆ ಬಿದ್ದರೂ ಅಂಕದಲ್ಲಿ ಸೇರುವುದಿಲ್ಲ.

## ಪಠ್ಯಕ್ರಮದ ಅಳತೆ ಎಲ್ಲಿ ಸಡಿಲ

ಕೇಂದ್ರದ ತರಬೇತಿ ಮಹಾನಿರ್ದೇಶನಾಲಯ ಪ್ರತಿ ಟ್ರೇಡ್‌ಗೂ ಪಠ್ಯಕ್ರಮ ಕೊಡುತ್ತದೆ. ಆಂತರಿಕ ಅಂಕ ಹಾಕುವುದಕ್ಕೆ ಅದರಲ್ಲೇ ಒಂದು ಕೋಷ್ಟಕ ಇದೆ. 60ರಿಂದ 75, 75ರಿಂದ 90, 90ಕ್ಕಿಂತ ಮೇಲೆ ಎಂದು ಮೂರು ಹಂತ. ಉಪಕರಣ ಬಳಸುವ ಕೌಶಲ, ಕೆಲಸದ ನಿಖರತೆ, ಅಚ್ಚುಕಟ್ಟುತನ, ಎಷ್ಟು ಸಹಾಯ ಬೇಕಾಯಿತು ಎಂಬುದನ್ನು ಪ್ರತಿ ಹಂತಕ್ಕೂ ವಿವರಿಸಿದ್ದಾರೆ.

ಈ ಕೋಷ್ಟಕದಲ್ಲಿ ಎರಡು ವಿಷಯ ಗಮನಿಸಬೇಕು. ಒಂದು, ಅದು ಶುರುವಾಗುವುದೇ 60ರಿಂದ. 60ಕ್ಕಿಂತ ಕೆಳಗಿನ ಕೆಲಸ ಹೇಗಿರುತ್ತದೆ ಎಂಬ ವಿವರಣೆಯೇ ಇಲ್ಲ. ಅಂಕ ಹಾಕುವವರಿಗೆ 'ಇದು ಸಾಲದು' ಎನ್ನಲು ಆಧಾರವಾಗಿ ತೋರಿಸುವ ಸಾಲು ಸಿಗುವುದಿಲ್ಲ.

ಎರಡನೆಯದು ನಿಖರತೆಯನ್ನು ಶೇಕಡಾದಲ್ಲಿ ಹೇಳಿರುವುದು. ಫಿಟ್ಟರ್ ಟ್ರೇಡ್‌ನಲ್ಲಿ ಇದಕ್ಕೆ ಏನೋ ಒಂದು ಅರ್ಥ ಕೊಡಬಹುದು. ಒಂದು ಕಬ್ಬಿಣದ ತುಂಡನ್ನು ಅರ ಹಾಕಿ ಉಜ್ಜಿದ ಮೇಲೆ ಮೈಕ್ರೋಮೀಟರ್ ಹಿಡಿದರೆ ಹತ್ತು ಅಳತೆಗಳಲ್ಲಿ ಎಂಟು ಸರಿ ಬಂತು ಎನ್ನಬಹುದು. ಎಲೆಕ್ಟ್ರಿಷಿಯನ್ ಟ್ರೇಡ್‌ನಲ್ಲಿ ಸ್ವಿಚ್ ಕರೆಂಟ್ ಬರುವ ಫೇಸ್ ವೈರ್‌ನಲ್ಲಿ ಇರುತ್ತದೆ, ಇಲ್ಲ ಅದು ಹಿಂದಿರುಗುವ ನ್ಯೂಟ್ರಲ್ ವೈರ್‌ನಲ್ಲಿ ಇರುತ್ತದೆ. 80 ಶೇಕಡಾ ಫೇಸ್‌ನಲ್ಲಿ ಇದೆ ಎನ್ನಲು ಬರುವುದಿಲ್ಲ. ಹಾಗಾಗಿ ಪ್ರತಿಯೊಂದು ಜಾಬ್‌ಗೂ, ಅಂದರೆ ಮಾಡಿ ತೋರಿಸುವ ಪ್ರತಿ ಪ್ರಾಕ್ಟಿಕಲ್ ಕೆಲಸಕ್ಕೂ, ಅದರದೇ ಆದ ಚೆಕ್‌ಲಿಸ್ಟ್ ಬೇಕಾಗುತ್ತದೆ. ಚರ್ಚೆ ನಡೆಯಬೇಕಾದ ಜಾಗ ಅದು.

## ಮೆಟ್ಟಿಲಿನ ದೀಪ: ಒಂದೇ ಬೆಳಕು, ಮೂರು ಜೋಡಣೆ

ಎಲೆಕ್ಟ್ರಿಷಿಯನ್ ಓದುವ ಎಲ್ಲರೂ ಮಾಡುವ ಜಾಬ್ ಸ್ಟೇರ್‌ಕೇಸ್ ವೈರಿಂಗ್. ಮೆಟ್ಟಿಲಿನ ಕೆಳಗೊಂದು, ಮೇಲೊಂದು ಟು-ವೇ ಸ್ವಿಚ್. ಒಂದೇ ದೀಪ. ಎರಡರಲ್ಲಿ ಯಾವುದನ್ನು ಒತ್ತಿದರೂ ಉರಿದದ್ದು ಆರಬೇಕು, ಆರಿದ್ದು ಉರಿಯಬೇಕು.

ಸರಿಯಾದ ಜೋಡಣೆ ಹೀಗಿದೆ. ಫೇಸ್ ವೈರ್ ಮೊದಲ ಸ್ವಿಚ್‌ನ ಕಾಮನ್ ಎಂಬ ತುದಿಗೆ ಹೋಗುತ್ತದೆ. ಆ ಸ್ವಿಚ್‌ನ ಉಳಿದ ಎರಡು ತುದಿಗಳಿಂದ ಎರಡು ವೈರ್ ಎರಡನೇ ಸ್ವಿಚ್‌ನ ಎರಡು ತುದಿಗಳಿಗೆ ಹೋಗುತ್ತವೆ. ಎರಡನೇ ಸ್ವಿಚ್‌ನ ಕಾಮನ್‌ನಿಂದ ದೀಪಕ್ಕೆ. ದೀಪದ ಇನ್ನೊಂದು ತುದಿ ನೇರವಾಗಿ ನ್ಯೂಟ್ರಲ್‌ಗೆ. ಎರಡೂ ಸ್ವಿಚ್ ಒಂದೇ ವೈರ್ ಕಡೆ ಇದ್ದಾಗ ದೀಪ ಉರಿಯುತ್ತದೆ, ಬೇರೆ ಬೇರೆ ಕಡೆ ಇದ್ದಾಗ ಆರುತ್ತದೆ.

ಈಗ ಎರಡು ತಪ್ಪು ಜೋಡಣೆ ನೋಡೋಣ. ಮೊದಲನೆಯದರಲ್ಲಿ ಎಲ್ಲವೂ ಹಾಗೆಯೇ, ಆದರೆ ಸ್ವಿಚ್‌ಗಳು ನ್ಯೂಟ್ರಲ್ ದಾರಿಯಲ್ಲಿವೆ, ಫೇಸ್ ನೇರ ದೀಪಕ್ಕೆ ಹೋಗಿದೆ. ಎರಡನೆಯದು ಇನ್ನೂ ಮೋಸದ್ದು. ಇದರಲ್ಲಿ ಎರಡೂ ಸ್ವಿಚ್‌ಗಳ ಅಕ್ಕಪಕ್ಕದ ತುದಿಗಳಿಗೆ ಒಂದು ಕಡೆ ಫೇಸ್, ಇನ್ನೊಂದು ಕಡೆ ನ್ಯೂಟ್ರಲ್ ಕೊಟ್ಟು, ಎರಡು ಕಾಮನ್‌ಗಳಿಂದ ದೀಪಕ್ಕೆ ವೈರ್ ಎಳೆಯುತ್ತಾರೆ. ಒಂದು ಕಾಮನ್ ಫೇಸ್‌ನಲ್ಲಿ, ಇನ್ನೊಂದು ನ್ಯೂಟ್ರಲ್‌ನಲ್ಲಿ ಇದ್ದಾಗ ದೀಪ ಉರಿಯುತ್ತದೆ. ಎರಡೂ ಒಂದೇ ಕಡೆ ಬಂದರೆ ಆರುತ್ತದೆ. ಎರಡು ಸ್ವಿಚ್‌ಗಳ ಹತ್ತಿರವೂ ಫೇಸ್, ನ್ಯೂಟ್ರಲ್ ಮೊದಲೇ ಇದ್ದರೆ ವೈರ್ ಉಳಿಯುತ್ತದೆ ಎಂದು ಹೀಗೆ ಮಾಡುವುದುಂಟು.

ಹೊರಗಿನಿಂದ ನೋಡಿದರೆ ಮೂರೂ ಒಂದೇ. ಬಲ್ಬ್ ಉರಿಯುತ್ತದೆ, ಎರಡೂ ಕಡೆಯಿಂದ ಆರುತ್ತದೆ. ವ್ಯತ್ಯಾಸ ಗೊತ್ತಾಗುವುದು ದೀಪ ಆರಿದಾಗ. ಸರಿಯಾದ ಜೋಡಣೆಯಲ್ಲಿ ದೀಪ ಆರಿದ್ದರೆ ಹೋಲ್ಡರ್‌ನಲ್ಲಿ ಕರೆಂಟ್ ಇರುವುದಿಲ್ಲ. ನ್ಯೂಟ್ರಲ್ ಸ್ವಿಚ್ ಮಾಡಿದ ಜೋಡಣೆಯಲ್ಲಿ ದೀಪ ಆರಿದ್ದರೂ ಹೋಲ್ಡರ್‌ನ ಎರಡೂ ತುದಿಗಳಲ್ಲಿ ಫೇಸ್ ಇರುತ್ತದೆ. ಮೂರನೆಯದರಲ್ಲಿ ಎರಡು ಕಾಮನ್‌ಗಳೂ ನ್ಯೂಟ್ರಲ್ ಕಡೆ ಇದ್ದರೆ ಅಪಾಯವಿಲ್ಲ, ಎರಡೂ ಫೇಸ್ ಕಡೆ ಇದ್ದರೆ ಹೋಲ್ಡರ್ ಪೂರ್ತಿ ಜೀವಂತ. ಬಲ್ಬ್ ಬದಲಿಸಲು ಏಣಿ ಹತ್ತಿದವರು ಸ್ವಿಚ್ ಆಫ್ ಮಾಡಿಯೇ ಹತ್ತಿರುತ್ತಾರೆ. ಶಾಕ್ ಹೊಡೆಯುವುದು ಒಂದು, ಮೆಟ್ಟಿಲ ಮೇಲೆ ಬೀಳುವುದು ಇನ್ನೊಂದು.

ಇದೇ ಜಾಬ್‌ಗೆ 'ಸರ್ಕ್ಯೂಟ್ ಕೆಲಸ ಮಾಡುತ್ತಿದೆಯೇ? ಹೌದು/ಇಲ್ಲ' ಎಂಬ ಸಾಲು ಇರುವ ಹಾಳೆ ಹಿಡಿದು ಹೋದರೆ ಮೂವರಿಗೂ ಪೂರ್ತಿ ಅಂಕ ಬರುತ್ತದೆ. ಅಂಕ ಹಾಕಿದವರು ಏನೂ ಮೋಸ ಮಾಡಿಲ್ಲ. ಹಾಳೆ ಕೇಳಿದ್ದೇ ಅಷ್ಟು.

## ಆ ಒಂದು ಸಾಲನ್ನು ಹೇಗೆ ಬರೆಯಬೇಕು

ಸ್ವಿಚ್ ಫೇಸ್‌ನಲ್ಲೇ ಇದೆಯೇ ಎಂಬುದನ್ನು ಪೋಲಾರಿಟಿ ಎನ್ನುತ್ತಾರೆ. 'ಪೋಲಾರಿಟಿ ಸರಿ ಇದೆಯೇ' ಎಂದು ಬರೆದರೆ ಸಾಕಲ್ವಾ ಎನಿಸಬಹುದು. ಸಾಲದು. ಯಾವುದರಿಂದ ನೋಡಬೇಕು, ಎಲ್ಲಿ ನೋಡಬೇಕು, ಎಷ್ಟು ಸಲ ನೋಡಬೇಕು ಎಂಬುದು ಇಲ್ಲದಿದ್ದರೆ ಒಬ್ಬೊಬ್ಬರು ಒಂದೊಂದು ಥರ ನೋಡುತ್ತಾರೆ.

ಎಷ್ಟು ಸಲ ಎಂಬುದನ್ನೇ ತೆಗೆದುಕೊಳ್ಳಿ. ಎರಡು ಸ್ವಿಚ್ ಇರುವುದರಿಂದ ಒಟ್ಟು ನಾಲ್ಕು ಸ್ಥಿತಿಗಳು. ಎರಡರಲ್ಲಿ ದೀಪ ಉರಿದಿರುತ್ತದೆ, ಎರಡರಲ್ಲಿ ಆರಿರುತ್ತದೆ. ಆರಿದ ಒಂದು ಸ್ಥಿತಿಯಲ್ಲಿ ಮಾತ್ರ ಪರೀಕ್ಷಿಸಿದರೆ ಮೂರನೇ ಜೋಡಣೆ ತಪ್ಪಿಸಿಕೊಳ್ಳುವ ಸಾಧ್ಯತೆ ಅರ್ಧಕ್ಕರ್ಧ. ಆರಿದ ಎರಡೂ ಸ್ಥಿತಿಯಲ್ಲಿ ನೋಡಲೇಬೇಕು.

ಯಾವುದರಿಂದ ಎಂಬುದೂ ಮುಖ್ಯ. ಬಲ್ಬ್ ತೆಗೆದು, ಜೇಬಿನಲ್ಲಿರುವ ನಿಯಾನ್ ಟೆಸ್ಟರ್ ಇಟ್ಟರೆ ಸರಿಯಾಗಿ ಮಾಡಿದವರ ಬೋರ್ಡ್‌ನಲ್ಲೂ ಟೆಸ್ಟರ್ ಮಂದವಾಗಿ ಹೊಳೆಯಬಹುದು. ದೀಪಕ್ಕೆ ಹೋಗುವ ವೈರ್, ಫೇಸ್ ಇರುವ ಇನ್ನೊಂದು ವೈರ್‌ನ ಪಕ್ಕದಲ್ಲೇ ಒಂದೇ ಪೈಪ್‌ನಲ್ಲಿ ಬಂದಿರುತ್ತದೆ. ಬಲ್ಬ್ ಇಲ್ಲದಿದ್ದಾಗ ಅದಕ್ಕೆ ನ್ಯೂಟ್ರಲ್ ಕಡೆಗೆ ದಾರಿ ಇರುವುದಿಲ್ಲ. ಪಕ್ಕದ ವೈರ್‌ನಿಂದ ಸ್ವಲ್ಪ ವೋಲ್ಟೇಜ್ ತೋರುತ್ತದೆ. ಬಲ್ಬ್ ಹಾಕಿದರೆ ಅದು ಹೋಗುತ್ತದೆ. ಇದು ಗೊತ್ತಿಲ್ಲದವರು ಸರಿಯಾಗಿ ಕೆಲಸ ಮಾಡಿದ ಹುಡುಗಿಯನ್ನು ಫೇಲ್ ಮಾಡುತ್ತಾರೆ.

ಹಾಗಾದರೆ ಸಾಲು ಹೀಗಿರಬೇಕು: 'ಫಿಲಮೆಂಟ್ ಬಲ್ಬ್ ಹಾಕಿದ ಸ್ಥಿತಿಯಲ್ಲಿ, ದೀಪಕ್ಕೆ ವೈರ್ ಇಳಿಯುವ ಸೀಲಿಂಗ್ ರೋಸ್‌ನ ಎರಡು ತುದಿಗಳಿಂದ ಅರ್ಥ್‌ಗೆ ವೋಲ್ಟ್‌ಮೀಟರ್ ಇಟ್ಟು ನೋಡಿ. ದೀಪ ಆರಿದ ಮೊದಲ ಸ್ಥಿತಿ: __ ಮತ್ತು __ ವೋಲ್ಟ್. ದೀಪ ಆರಿದ ಎರಡನೇ ಸ್ಥಿತಿ: __ ಮತ್ತು __ ವೋಲ್ಟ್.' ನಾಲ್ಕೂ ಸೊನ್ನೆಯ ಹತ್ತಿರ ಇದ್ದರೆ ಸರಿ. ನಾಲ್ಕೂ 230ರ ಹತ್ತಿರ ಇದ್ದರೆ ನ್ಯೂಟ್ರಲ್ ಸ್ವಿಚ್ ಆಗಿದೆ. ಒಂದು ಸ್ಥಿತಿಯಲ್ಲಿ ಎರಡು ಸೊನ್ನೆ, ಇನ್ನೊಂದರಲ್ಲಿ ಎರಡು 230 ಬಂದರೆ ಮೂರನೇ ಜೋಡಣೆ. ತಪ್ಪು ಯಾವುದು ಎಂಬುದನ್ನೂ ಹಾಳೆಯೇ ಹೇಳುತ್ತದೆ. ಟಿಕ್ ಹಾಕುವ ಜಾಗದಲ್ಲಿ ಅಂಕಿ ಬರೆಯಬೇಕು ಎಂದಾದ ತಕ್ಷಣ ಮೀಟರ್ ಹಿಡಿಯಲೇಬೇಕಾಗುತ್ತದೆ.

ಇದೇ ರೀತಿ 'ಜೋಡಣೆ ಅಚ್ಚುಕಟ್ಟಾಗಿದೆ' ಎಂಬ ಸಾಲನ್ನೂ ಬಿಡಿಸಬಹುದು. ಸ್ಕ್ರೂ ಹೊರಗೆ ಬರಿಯ ತಾಮ್ರ ಕಾಣುತ್ತಿದೆಯೇ? ಇನ್ಸುಲೇಷನ್ ಸುಲಿಯುವಾಗ ತಾಮ್ರದ ಎಳೆ ತುಂಡಾಗಿದೆಯೇ? ಕೈಯಲ್ಲಿ ಮೆಲ್ಲಗೆ ಎಳೆದರೆ ವೈರ್ ಕಳಚಿ ಬರುತ್ತದೆಯೇ? ಇಬ್ಬರು ಬೇರೆ ಬೇರೆ ನಿಂತು ನೋಡಿದರೂ ಒಂದೇ ಉತ್ತರ ಬರುವಂತಿದ್ದರೆ ಆ ಸಾಲು ಗಟ್ಟಿ. ಇದನ್ನು ಪರೀಕ್ಷಿಸುವುದು ಕಷ್ಟವಲ್ಲ. ಐದು ಬೋರ್ಡ್‌ಗಳಿಗೆ ಇಬ್ಬರು ತರಬೇತಿ ಅಧಿಕಾರಿಗಳು ಒಬ್ಬರ ಹಾಳೆ ಇನ್ನೊಬ್ಬರು ನೋಡದೆ ಅಂಕ ಹಾಕಲಿ. ಎಲ್ಲಿ ಇಬ್ಬರಿಗೂ ವ್ಯತ್ಯಾಸ ಬಂತೋ ಅಲ್ಲಿ ಮೊದಲು ಅನುಮಾನಿಸಬೇಕಾದ್ದು ಸಾಲನ್ನು.

## ಅಂಕ ಕೂಡಿಸಿದಾಗ ಅಪಾಯ ಮುಚ್ಚಿಹೋಗುತ್ತದೆ

ಸಾಲು ಚೆನ್ನಾಗಿದ್ದರೂ ಇನ್ನೊಂದು ತೊಡಕು ಉಳಿಯುತ್ತದೆ. ಉದಾಹರಣೆಗೆ 100 ಅಂಕದ ಒಂದು ಹಾಳೆ ಇದೆ ಅಂದುಕೊಳ್ಳಿ. ಚಿತ್ರಕ್ಕೆ 10, ಸಾಮಗ್ರಿ ಆಯ್ಕೆಗೆ 10, ಅಳತೆ-ಗುರುತಿಗೆ 15, ಪೈಪ್ ಮತ್ತು ವೈರ್ ಎಳೆದದ್ದಕ್ಕೆ 25, ತುದಿಗಳ ಜೋಡಣೆಗೆ 15, ಪೋಲಾರಿಟಿಗೆ 10, ಸಮಯಕ್ಕೆ 5, ಪ್ರಶ್ನೆಗಳಿಗೆ 10. ಒಬ್ಬ ವಿದ್ಯಾರ್ಥಿ ನ್ಯೂಟ್ರಲ್‌ಗೆ ಸ್ವಿಚ್ ಹಾಕಿದ್ದಾನೆ. ಉಳಿದದ್ದೆಲ್ಲ ಅಚ್ಚುಕಟ್ಟು. ಅವನಿಗೆ 90 ಬರುತ್ತದೆ. 60 ದಾಟಿ ಮೇಲಿನ ಹಂತದ ಅಂಚಿನವರೆಗೂ ಹೋದ.

ಪೋಲಾರಿಟಿಗೆ ಅಂಕ ಜಾಸ್ತಿ ಮಾಡಿದರೆ ಪರಿಹಾರವಾಗುವುದಿಲ್ಲ. 30 ಕೊಟ್ಟರೂ 70 ತೆಗೆದು ಪಾಸಾಗಬಹುದು. ಅದನ್ನು ಕೂಡಿಸುವ ಲೆಕ್ಕದಿಂದ ಹೊರಗೆ ತೆಗೆದು ಬಾಗಿಲಿನ ಹಾಗೆ ಇಡಬೇಕು. ಅದು ಸರಿ ಇದ್ದರೆ ಮಾತ್ರ ಉಳಿದ ಅಂಕ ಎಣಿಸುವುದು. ಇಲ್ಲದಿದ್ದರೆ ಆ ಜಾಬ್ ಮತ್ತೆ ಮಾಡಬೇಕು.

ಇಂಥ ಬಾಗಿಲುಗಳು ಒಂದು ಜಾಬ್‌ಗೆ ಎರಡೋ ಮೂರೋ ಇರಲಿ. ಸ್ಟೇರ್‌ಕೇಸ್ ವೈರಿಂಗ್‌ಗೆ ಮೂರು ಸಾಕು: ಕರೆಂಟ್ ಇದ್ದಾಗ ಕೈ ಹಾಕಲಿಲ್ಲ, ಸ್ವಿಚ್ ಫೇಸ್‌ನಲ್ಲಿದೆ, ಅರ್ಥ್ ವೈರ್ ಎಲ್ಲೂ ತುಂಡಾಗದೆ ಕೊನೆಯವರೆಗೆ ಹೋಗಿದೆ. ಹತ್ತು ಸಾಲುಗಳನ್ನು ಕಡ್ಡಾಯ ಮಾಡಿದರೆ ತರಗತಿಯ ಅರ್ಧ ಜನ ಫೇಲ್ ಆಗುತ್ತಾರೆ. ಆಗ ಅಂಕ ಹಾಕುವವರು ಎಲ್ಲದಕ್ಕೂ ಸುಮ್ನೆ ಟಿಕ್ ಹಾಕಲು ಶುರುಮಾಡುತ್ತಾರೆ. ಇದ್ದ ಮೂರು ಬಾಗಿಲೂ ತೆರೆದುಕೊಳ್ಳುತ್ತವೆ.

## ನೋಡಿ ಕೇಳುವ ಪ್ರಶ್ನೆ

ವೈವಾ ಎಂದರೆ 'ಅರ್ಥಿಂಗ್ ಎಂದರೇನು' ಎಂದು ಕೇಳುವುದು ರೂಢಿ. ಉತ್ತರ ಬಾಯಿಪಾಠ ಇರುತ್ತದೆ. ಥಿಯರಿ ಪರೀಕ್ಷೆ ಅದನ್ನು ಕೇಳಿಯಾಗಿದೆ, ಇಲ್ಲಿ ಮತ್ತೆ ಕೇಳಿದರೆ ಹೊಸದೇನೂ ತಿಳಿಯುವುದಿಲ್ಲ. ಗಮನಿಸಿ ಕೇಳುವ ಪ್ರಶ್ನೆ ಆ ಕ್ಷಣ ಆ ಕೈ ಮಾಡಿದ ಕೆಲಸದಿಂದಲೇ ಹುಟ್ಟಬೇಕು.

ವಿದ್ಯಾರ್ಥಿ ಕರೆಂಟ್ ಕಡಿಯುವ ಎಂಸಿಬಿ ಇಳಿಸಿ ಟೆಸ್ಟರ್ ಇಟ್ಟ. ಹೊಳೆಯಲಿಲ್ಲ. ಕೆಲಸಕ್ಕೆ ಕೈ ಹಾಕಲು ಹೊರಟ. ಆಗ ಕೇಳಬೇಕು: 'ಟೆಸ್ಟರ್ ಹೊಳೆಯಲಿಲ್ಲ. ಇದರಿಂದ ನಿನಗೆ ಏನು ಗೊತ್ತಾಯಿತು?' ಕರೆಂಟ್ ಇಲ್ಲ ಎಂದರೆ ಅರ್ಧ ಉತ್ತರ. ಕರೆಂಟ್ ಇಲ್ಲ, ಇಲ್ಲವೇ ಟೆಸ್ಟರ್ ಕೆಟ್ಟಿದೆ ಎಂಬುದು ಪೂರ್ತಿ ಉತ್ತರ. ಮುಂದಿನ ಪ್ರಶ್ನೆ ಬಾಯಿಗಲ್ಲ, ಕೈಗೆ: 'ಎರಡರಲ್ಲಿ ಯಾವುದು ಎಂದು ತೋರಿಸು.' ಗೊತ್ತಿರುವವರು ಕರೆಂಟ್ ಇರುವ ಇನ್ನೊಂದು ಜಾಗದಲ್ಲಿ ಟೆಸ್ಟರ್ ಇಟ್ಟು ಹೊಳೆಯುವುದನ್ನು ನೋಡುತ್ತಾರೆ, ಇಲ್ಲಿಗೆ ಬಂದು ನೋಡುತ್ತಾರೆ, ಮತ್ತೆ ಅಲ್ಲಿಗೆ ಹೋಗಿ ನೋಡುತ್ತಾರೆ. ಈ ಅಭ್ಯಾಸ ಮುಗಿದ ಬೋರ್ಡ್‌ನಲ್ಲಿ ಯಾವ ಗುರುತನ್ನೂ ಬಿಡುವುದಿಲ್ಲ. ಪಕ್ಕದಲ್ಲಿ ನಿಂತು ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ.

ಇನ್ನೊಂದು ಒಳ್ಳೆಯ ಪ್ರಶ್ನೆ ದೋಷ ಹುಡುಕುವುದು. ಸ್ವಿಚ್‌ಗಳ ನಡುವಿನ ಎರಡು ವೈರ್‌ಗಳಲ್ಲಿ ಒಂದನ್ನು ಮೊದಲೇ ಕಳಚಿಟ್ಟು, ಮುಚ್ಚಳ ಹಾಕಿ ಬೋರ್ಡ್ ಕೊಡುತ್ತಾರೆ. ನಾಲ್ಕು ಸ್ಥಿತಿಗಳಲ್ಲಿ ಎರಡರಲ್ಲಿ ಉರಿಯಬೇಕಿದ್ದ ದೀಪ ಈಗ ಒಂದರಲ್ಲಿ ಮಾತ್ರ ಉರಿಯುತ್ತದೆ. 'ಮುಚ್ಚಳ ತೆಗೆಯುವ ಮೊದಲು ತಪ್ಪು ಎಲ್ಲಿದೆ ಹೇಳು' ಎಂದು ಕೇಳಬೇಕು. ಸ್ವಿಚ್‌ಗಳನ್ನು ನಾಲ್ಕು ಥರ ಒತ್ತಿ ನೋಡಿ, 'ಒಂದು ಜೋಡಿಯಲ್ಲಿ ಉರಿಯುತ್ತದೆ, ಹಾಗಾದರೆ ಫೇಸ್, ನ್ಯೂಟ್ರಲ್, ಬಲ್ಬ್ ಎಲ್ಲ ಸರಿ ಇದೆ, ನಡುವಿನ ಒಂದು ವೈರ್ ಹೋಗಿದೆ' ಎಂದವರಿಗೆ ಸರ್ಕ್ಯೂಟ್ ಅರ್ಥವಾಗಿದೆ. ಮೊದಲೇ ಮುಚ್ಚಳ ಬಿಚ್ಚಿದವರಿಗೂ ತಪ್ಪು ಸಿಗುತ್ತದೆ, ಆದರೆ ಮನೆಯೊಂದರ ಗೋಡೆಯೊಳಗಿನ ಪೈಪ್‌ನಲ್ಲಿ ಅದು ನಡೆಯುವುದಿಲ್ಲ.

## ಯಾರು ಏನು ಹೇಳುತ್ತಾರೆ

ಕಲಿಸುವವರ ಆಕ್ಷೇಪಣೆ ನ್ಯಾಯವಾದದ್ದು. ಎಲೆಕ್ಟ್ರಿಷಿಯನ್ ಟ್ರೇಡ್‌ನ ಒಂದು ಘಟಕಕ್ಕೆ 20 ವಿದ್ಯಾರ್ಥಿಗಳು. ಜಾಬ್‌ಗೆ ಎರಡು ಗಂಟೆ ಹಿಡಿಯಿರಿ. ಒಬ್ಬೊಬ್ಬರ ಪಕ್ಕದಲ್ಲೂ ಶುರುವಿನಿಂದ ಕೊನೆಯವರೆಗೆ ನಿಂತರೆ 40 ಗಂಟೆ ಬೇಕು. ಇದರ ಮೇಲೆ ದಾಖಲೆ ಬರೆಯುವ ಕೆಲಸ. 'ಕಲಿಸುವುದು ಯಾವಾಗ?' ಎಂದು ಅವರು ಕೇಳಿದರೆ ಉತ್ತರ ಕೊಡಲೇಬೇಕು.

ಕೆಲಸ ಕೊಡುವವರು ಬೇರೆ ಮಾತು ಹೇಳುತ್ತಾರೆ. ಅವರಿಗೆ 78 ಅಥವಾ 84 ಎಂಬ ಅಂಕದಿಂದ ಏನೂ ಗೊತ್ತಾಗುವುದಿಲ್ಲ. ಈ ಹುಡುಗನನ್ನು ಒಬ್ಬನೇ ಪ್ಯಾನೆಲ್ ಮುಂದೆ ಬಿಡಬಹುದೇ ಎಂಬುದಷ್ಟೇ ಬೇಕು. ಅದು ತಿಳಿಯಲೆಂದೇ ಅವರು ಉದ್ದನೆಯ ವಿವರವಾದ ಪಟ್ಟಿ ಕೇಳುತ್ತಾರೆ.

ಮೂರನೆಯವರು ಪಟ್ಟಿಯನ್ನೇ ಅನುಮಾನಿಸುತ್ತಾರೆ. ಅನುಭವ ಇರುವ ಮೇಷ್ಟ್ರು ಸ್ಕ್ರೂಡ್ರೈವರ್ ಹಿಡಿದ ರೀತಿ ನೋಡಿಯೇ ಹೇಳಬಲ್ಲರು, ಪಟ್ಟಿ ಆ ಕಣ್ಣನ್ನು ಮಂದ ಮಾಡುತ್ತದೆ ಎಂಬ ವಾದ ಅವರದು. ಇದರಲ್ಲಿ ನಿಜವಿದೆ. ಆದರೆ ಆ ಕಣ್ಣು ಎಲ್ಲರಿಗೂ ಇರುವುದಿಲ್ಲ. ಇದ್ದರೂ ಅದು ಕಂಡದ್ದನ್ನು ಆರು ತಿಂಗಳ ನಂತರ ಇನ್ನೊಬ್ಬರಿಗೆ ತೋರಿಸಲು ಆಗುವುದಿಲ್ಲ. ಆಂತರಿಕ ಅಂಕದ ದಾಖಲೆಗಳನ್ನು ಮುಂದಿನ ಪರೀಕ್ಷೆಯವರೆಗೆ ಪರಿಶೀಲನೆಗಾಗಿ ಉಳಿಸಿಡಬೇಕು ಎಂದು ಪಠ್ಯಕ್ರಮವೇ ಹೇಳುತ್ತದೆ.

ಈ ಮೂರೂ ವಾದಗಳ ನಡುವೆ ನಡೆಯುವ ದಾರಿ ಒಂದಿದೆ. ಪೂರ್ತಿ ಜಾಬ್ ನೋಡುವ ಬದಲು ಮೂರು ಕಡೆ ತಡೆದು ನಿಲ್ಲಿಸುವುದು. ವೈರ್ ಎಳೆದ ಮೇಲೆ, ಮುಚ್ಚಳ ಹಾಕುವ ಮೊದಲು ಒಂದು ಸಲ. ಕರೆಂಟ್ ಕೊಡುವ ಮೊದಲು ಇನ್ನೊಂದು ಸಲ. ಕೊಟ್ಟ ಮೇಲೆ, ವೋಲ್ಟ್‌ಮೀಟರ್ ಹಿಡಿದು ಮೂರನೇ ಸಲ. 'ಇಲ್ಲಿಗೆ ಬಂದರೆ ಕೈ ಎತ್ತಿ, ನಾನು ಸಹಿ ಹಾಕದೆ ಮುಂದೆ ಹೋಗುವಂತಿಲ್ಲ' ಎಂಬ ನಿಯಮ. ಒಂದು ತಡೆಗೆ 3 ನಿಮಿಷದಂತೆ 20 ಜನಕ್ಕೆ 60 ನಿಮಿಷ, ಮೂರು ತಡೆಗೆ 3 ಗಂಟೆ. ಪ್ರಶ್ನೆಗೆ ತಲಾ 2 ನಿಮಿಷ ಸೇರಿಸಿದರೆ ಇನ್ನೂ 40 ನಿಮಿಷ. 40 ಗಂಟೆ ಎಲ್ಲಿ, 3 ಗಂಟೆ 40 ನಿಮಿಷ ಎಲ್ಲಿ. ಇದಕ್ಕೂ ಇಡೀ ತಂಡ ಒಂದೇ ದಿನ ಒಂದೇ ಜಾಬ್ ಮಾಡಬೇಕೆಂದಿಲ್ಲ. ಹತ್ತತ್ತು ಜನರನ್ನು ಎರಡು ದಿನ ನೋಡಬಹುದು.

ಕರೆಂಟ್ ಕೊಡುವ ಮೊದಲಿನ ತಡೆಯಲ್ಲಿ ಇನ್ಸುಲೇಷನ್ ಗಟ್ಟಿಯಿದೆಯೇ ಎಂದು ಅಳೆಯುವ ಮೆಗ್ಗರ್ ಇಡುತ್ತಾರೆ. ಇಲ್ಲೊಂದು ಎಚ್ಚರಿಕೆ. ಹೊಸ ಪಿವಿಸಿ ವೈರ್ ಹಾಕಿದ ಬೋರ್ಡ್‌ನಲ್ಲಿ 500 ವೋಲ್ಟ್ ಮೆಗ್ಗರ್ ಬಹುತೇಕ ಎಲ್ಲರಿಗೂ ಅನಂತವನ್ನೇ ತೋರಿಸುತ್ತದೆ. ಬೇಕಾದದ್ದು ಕನಿಷ್ಠ 1 ಮೆಗಾಓಮ್. ಹಾಗಾಗಿ ಆ ಅಂಕಿ ಯಾರನ್ನೂ ಬೇರ್ಪಡಿಸುವುದಿಲ್ಲ. ನೋಡಬೇಕಾದ್ದು ಬಲ್ಬ್ ತೆಗೆದರೇ ಎಂಬುದು. ಬಲ್ಬ್ ಹಾಗೇ ಇದ್ದು ಸ್ವಿಚ್‌ಗಳು ದೀಪ ಉರಿಯುವ ಸ್ಥಿತಿಯಲ್ಲಿದ್ದರೆ ಫೇಸ್-ನ್ಯೂಟ್ರಲ್ ನಡುವೆ ಅದರ ಮೂಲಕವೇ ದಾರಿ ಸಿಕ್ಕಿ ಮುಳ್ಳು ಸೊನ್ನೆಗೆ ಬರುತ್ತದೆ. ಸ್ವಿಚ್‌ಗಳನ್ನು ಬದಲಿಸಿ ಮತ್ತೊಮ್ಮೆ ನೋಡಿದರೇ ಎಂಬುದೂ ಅಷ್ಟೇ ಮುಖ್ಯ. ಒಂದೇ ಸ್ಥಿತಿಯಲ್ಲಿ ನೋಡಿದರೆ ನಡುವಿನ ಒಂದು ವೈರ್ ಪರೀಕ್ಷೆಯಿಂದ ಹೊರಗೇ ಉಳಿಯುತ್ತದೆ.

## ಜಾರಿಗೆ ಬಂದರೆ ಏನಾಗಬಹುದು

ಮೊದಲ ವರ್ಷ ಅಂಕ ಇಳಿಯುತ್ತದೆ. ಬಾಗಿಲಿನ ಸಾಲುಗಳು ಬಂದ ಕೂಡಲೇ 85 ತೆಗೆಯುತ್ತಿದ್ದ ಕೆಲವರು ಜಾಬ್ ಮತ್ತೆ ಮಾಡಬೇಕಾಗುತ್ತದೆ. ಫಲಿತಾಂಶ ಇಳಿದರೆ ಮುಂದಿನ ವರ್ಷದ ಪ್ರವೇಶಕ್ಕೆ ಪೆಟ್ಟು ಬೀಳುತ್ತದೆ ಎಂಬ ಭಯ ಸಂಸ್ಥೆಗಳಿಗೆ ಇರುತ್ತದೆ. ಆ ಒತ್ತಡಕ್ಕೆ ಹಾಳೆಯೇ ಬಗ್ಗಬಹುದು. ಬಗ್ಗಿದೆ ಎಂದು ತಿಳಿಯುವುದು ಹೇಗೆ? 20 ಜನರ ಅಂಕವೂ ಮೂರ್ನಾಲ್ಕರ ಅಂತರದಲ್ಲಿ ಇರುತ್ತದೆ. ಎಲ್ಲ ಹಾಳೆಗಳಲ್ಲೂ ವೋಲ್ಟೇಜ್ ಅಕ್ಷರಶಃ ಒಂದೇ ಆಗಿರುತ್ತದೆ. ಇಡೀ ವರ್ಷದಲ್ಲಿ ಒಬ್ಬರೂ ಒಂದು ಜಾಬನ್ನೂ ಎರಡನೇ ಸಲ ಮಾಡಿರುವುದಿಲ್ಲ.

ಸಾಮಗ್ರಿಯ ಖರ್ಚೂ ಏರುತ್ತದೆ. ಮತ್ತೆ ಮಾಡಿಸಬೇಕೆಂದರೆ ವೈರ್, ಪೈಪ್, ಸ್ವಿಚ್ ಬೇಕು. 20 ಜನಕ್ಕೆ ಒಂದೆರಡು ವೋಲ್ಟ್‌ಮೀಟರ್ ಸಾಲುವುದಿಲ್ಲ. ಪಿಎಂ-ಸೇತುವಿನ ಹಣದಲ್ಲಿ ದೊಡ್ಡ ಯಂತ್ರಗಳ ಜೊತೆ ಇಂಥ ಚಿಕ್ಕ ಸಾಮಾನುಗಳಿಗೂ ಪಾಲು ಸಿಗಬೇಕು. ಇದು ಸಿಗದಿದ್ದರೆ ಪಟ್ಟಿ ಎಷ್ಟೇ ಚೆನ್ನಾಗಿದ್ದರೂ ತರಬೇತಿ ಅಧಿಕಾರಿ ಅಂದಾಜಿನಲ್ಲೇ ಟಿಕ್ ಹಾಕಬೇಕಾಗುತ್ತದೆ.

ಇದಕ್ಕೆ ಎದುರಾಗಿ ಸಿಗುವುದು ಸಮಯ. ಈಗ ತಪ್ಪು ಕೊನೆಯ ಪರೀಕ್ಷೆಯಲ್ಲಿ ಹೊರಬೀಳುತ್ತದೆ, ಅಥವಾ ಯಾರದೋ ಮನೆಯ ಮೆಟ್ಟಿಲಿನಲ್ಲಿ. ತಡೆದು ನೋಡುವ ಪದ್ಧತಿಯಲ್ಲಿ ಅದು ತರಬೇತಿಯ ಮೊದಲ ವರ್ಷದಲ್ಲೇ, ತಿದ್ದಲು ಇನ್ನೂ ತಿಂಗಳುಗಳಿರುವಾಗ ಸಿಗುತ್ತದೆ.

ಮಕ್ಕಳು ಐಟಿಐನಲ್ಲಿ ಓದುತ್ತಿದ್ದರೆ ಅವರ ರೆಕಾರ್ಡ್ ಪುಸ್ತಕವನ್ನು ಒಮ್ಮೆ ತೆರೆದು ನೋಡಿ. ಸ್ಟೇರ್‌ಕೇಸ್ ವೈರಿಂಗ್ ಪುಟದಲ್ಲಿ ಬರೀ ಟಿಕ್ ಮತ್ತು ಸಹಿ ಇದ್ದರೆ ಏನೂ ತಿಳಿಯುವುದಿಲ್ಲ. 'ಆಫ್ ಎರಡನೇ ಸ್ಥಿತಿ: 228, 228. ಬಿಚ್ಚಿ ಮತ್ತೆ ಮಾಡಿದೆ' ಎಂದು ಒಂದು ದಿನಾಂಕ, ಅದರ ಕೆಳಗೆ 'ಎರಡೂ ಸ್ಥಿತಿ: 0, 0' ಎಂದು ಇನ್ನೊಂದು ದಿನಾಂಕ ಇದ್ದರೆ, ಆ ಎರಡು ದಿನಾಂಕಗಳ ನಡುವೆ ಒಬ್ಬರು ನಿಂತು ನೋಡಿದ್ದಾರೆ, ಇನ್ನೊಬ್ಬರು ಕಲಿತಿದ್ದಾರೆ.